7 ವರ್ಷದ ಸಾಲಕ್ಕೆ 9 ವರ್ಷದ ಬಾಂಡ್ ಯಾಕೆ? ಇಮ್ಯುನೈಸೇಷನ್ ಬಗ್ಗೆ ನನ್ನ ಟಿಪ್ಪಣಿ

ಆಕ್ಚುರಿಗಳ ಸಿಎಂ1 ಪರೀಕ್ಷೆಗೆ ಓದುತ್ತಾ ಎರಡು ವಾರ ಇದೇ ಪಾಠದಲ್ಲಿ ಸಿಕ್ಕಿಕೊಂಡಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಈಗಿನ ಮೌಲ್ಯ ಲೆಕ್ಕ ಹಾಕುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಲೆಕ್ಕ ಇಷ್ಟೇ. ಸರಿಯಾಗಿ 7 ವರ್ಷದ ನಂತರ ₹10,00,000 ಕೊಡಬೇಕು. ಈಗ ಬಡ್ಡಿ ದರ 7%. ಇವತ್ತು ಬೇಕಾದ ಹಣ 10,00,000 ÷ 1.07⁷, ಅಂದರೆ ₹6,22,750. ಇದನ್ನು ಯಾವ ಬಾಂಡ್‌ನಲ್ಲಿ ಹಾಕಿದರೆ, ನಾಳೆ ದರ ಏರಿದರೂ ಇಳಿದರೂ 7ನೇ ವರ್ಷ ಹತ್ತು ಲಕ್ಷ ಕೈಗೆ ಬರುತ್ತದೆ? ಹಾಗೆ ಹೊಂದಿಸಿಡುವುದೇ ಇಮ್ಯುನೈಸೇಷನ್.

7 ವರ್ಷಕ್ಕೆ ಮುಗಿಯುವ, ನಡುವೆ ಬಡ್ಡಿ ಕಂತು, ಅಂದರೆ ಕೂಪನ್, ಕೊಡದ ಬಾಂಡ್ ಸಿಕ್ಕರೆ ಅಲ್ಲಿಗೆ ಪಾಠ ಮುಗಿಯಿತು. ಸಿಗದಿದ್ದಾಗ ಮಾತ್ರ ಮುಂದಿನದ್ದೆಲ್ಲ.

ನನ್ನ ಮೊದಲ ಉತ್ತರ 7 ವರ್ಷದ, 7% ಕೂಪನ್‌ನ ಬಾಂಡ್. ಅವಧಿ ಅವಧಿಗೆ ಸರಿಹೋಯಿತು, ಅಲ್ವಾ? ಇಲ್ಲ. ವರ್ಷಕ್ಕೆ ₹43,592 ಕೂಪನ್ ಬರುತ್ತದೆ, ಅದನ್ನು ಮತ್ತೆ ಬಡ್ಡಿಗೆ ಹಾಕಬೇಕು. ಬಾಂಡ್ ಕೊಂಡ ಮರುದಿನವೇ ದರ 6%ಗೆ ಇಳಿದು ಅಲ್ಲೇ ನಿಂತರೆ, ಕೂಪನ್‌ಗಳೆಲ್ಲ ಬೆಳೆದು ₹3,65,908 ಆಗುತ್ತವೆ. ಅಸಲು ₹6,22,750 ಸೇರಿಸಿದರೆ ₹9,88,658. ಹನ್ನೊಂದು ಸಾವಿರ ಖೋತಾ. ಅಸಲು ತಲುಪುವ ದಿನ ಸರಿಯಾಗಿದ್ದರೂ, ನಡುವೆ ಬಂದ ದುಡ್ಡು ಬೇಗ ಬಂದುಬಿಟ್ಟಿದೆ. ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಅನ್ನುವುದೇ ಡ್ಯುರೇಷನ್. ಪ್ರತಿ ಕಂತಿನ ಈಗಿನ ಮೌಲ್ಯವೇ ಆ ಸರಾಸರಿಯಲ್ಲಿ ಅದರ ತೂಕ. ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ 1938ರಲ್ಲಿ ಕೊಟ್ಟ ಅಳತೆ ಇದು. ಮುಖಬೆಲೆಗೇ ಸಿಗುವ, ವರ್ಷಕ್ಕೊಮ್ಮೆ ಕೂಪನ್ ಕೊಡುವ ಬಾಂಡ್‌ಗೆ ನಾನು ಬಳಸುವ ಅಡ್ಡದಾರಿ ಇದು, y ಅಂದರೆ ಬಡ್ಡಿ ದರ, n ಅಂದರೆ ಬಾಕಿ ಇರುವ ವರ್ಷ:

```
D = (1+y)/y × (1 − (1+y)^−n)
```

7%ಗೆ ಮೊದಲ ಭಾಗ ಯಾವಾಗಲೂ 15.2857. ಹಾಗಾಗಿ n ಬದಲಿಸುತ್ತಾ ಹೋದರೆ ಸಾಕು. 7 ವರ್ಷಕ್ಕೆ 5.77 ಬರುತ್ತದೆ, 9 ವರ್ಷಕ್ಕೆ 6.97. ನಮಗೆ ಬೇಕಾದ 7ಕ್ಕೆ ಹತ್ತಿರ ಇರುವುದು 9 ವರ್ಷದ್ದು.

ಈಗ 9 ವರ್ಷದ ಬಾಂಡ್ ಕೊಂಡು, 7ನೇ ವರ್ಷ ಮಾರಿ ನೋಡೋಣ. ದರ 6% ಆದರೆ ಕೂಪನ್‌ಗಳಿಂದ ಅದೇ ₹3,65,908. ಆದರೆ ಬಾಂಡ್‌ಗೆ ಇನ್ನೂ 2 ವರ್ಷ ಬಾಕಿ ಇದೆ, 7% ಕೊಡುತ್ತಿದೆ, ಆದ್ದರಿಂದ ₹6,34,167ಕ್ಕೆ ಮಾರಾಟವಾಗುತ್ತದೆ. ಒಟ್ಟು ₹10,00,075. ದರ 8% ಆದರೆ ಕೂಪನ್‌ಗಳು ₹3,88,967, ಬಾಂಡ್ ₹6,11,645, ಒಟ್ಟು ₹10,00,612. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬಂತು. ಎರಡೂ ಸಲ ಹತ್ತು ಲಕ್ಷಕ್ಕಿಂತ ತುಸು ಜಾಸ್ತಿಯೇ ಬಂದಿರುವುದು ಕಾನ್ವೆಕ್ಸಿಟಿಯ ಕಾಣಿಕೆ, ಅಂದರೆ ದರ ಇಳಿದಾಗ ಬೆಲೆ ಏರುವುದು, ದರ ಅಷ್ಟೇ ಏರಿದಾಗ ಇಳಿಯುವುದಕ್ಕಿಂತ ಜಾಸ್ತಿ. ಬ್ರಿಟಿಷ್ ಆಕ್ಚುರಿ ರೆಡಿಂಗ್ಟನ್ 1952ರಲ್ಲಿ ಹೇಳಿದ ಮೂರು ಷರತ್ತುಗಳೂ ಇಲ್ಲಿವೆ: ಈಗಿನ ಮೌಲ್ಯ ಸಮ, ಡ್ಯುರೇಷನ್ ಸಮ, ಆಸ್ತಿಯ ಕಾನ್ವೆಕ್ಸಿಟಿ ಸಾಲದ್ದಕ್ಕಿಂತ ಹೆಚ್ಚು. ನಮ್ಮದು 6.97, ಪೂರ್ತಿ 7 ಅಲ್ಲ. ಹಾಗಾಗಿ ದರ ಏರಿದಾಗ ಲಾಭ ಸ್ವಲ್ಪ ಜಾಸ್ತಿ ಕಾಣುತ್ತಿದೆ.

ನಾನು ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ಒಂದು ವರ್ಷ ಕಳೆಯಿತು. ಸಾಲಕ್ಕೆ ಈಗ 6 ವರ್ಷ. ಬಾಂಡ್‌ಗೆ 8 ವರ್ಷ ಬಾಕಿ, ಡ್ಯುರೇಷನ್ 6.39. ಎಲ್ಲಿಂದ ಬಂತು ಆ 0.39? ಸಾಲದ ಡ್ಯುರೇಷನ್ ಪೂರ್ತಿ ಒಂದು ಇಳಿದಿದೆ, ಬಾಂಡ್‌ದು 0.58 ಮಾತ್ರ. ಮೊದಲ ವರ್ಷವೇ ಹೊಂದಿಕೆ ಕೆಟ್ಟುಹೋಯಿತಾ ಅಂತ ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡೆ.

ನಾನು ಮರೆತಿದ್ದು ಕೈಗೆ ಬಂದ ಕೂಪನ್ನನ್ನು. ಅದೂ ಆಸ್ತಿಯೇ. ಅದು ಆಗಲೇ ಬಂದಿರುವುದರಿಂದ ಅದರ ಡ್ಯುರೇಷನ್ ಸೊನ್ನೆ. ಒಟ್ಟು ಆಸ್ತಿ ₹6,66,342, ಅದರಲ್ಲಿ ಬಾಂಡ್ 93.46%. 0.9346 × 6.39 = 5.97. ಹೊಂದಿಕೆ ಹಾಗೆಯೇ ಇದೆ! ಕೂಪನ್ ಬರುವ ಹಿಂದಿನ ಕ್ಷಣದಲ್ಲಿ ಡ್ಯುರೇಷನ್ 6.97 − 1 ಇತ್ತು. ಕೂಪನ್ ಬಂದ ಮೇಲೂ ಒಟ್ಟಿನದ್ದು ಅಷ್ಟೇ. ಬಾಂಡ್‌ನದ್ದು ಮಾತ್ರ ಮೇಲಕ್ಕೆ ಹಾರಿದ್ದು.

ಆ ಕೂಪನ್‌ಗೆ ಅದೇ ಬಾಂಡನ್ನು ಮತ್ತೆ ಕೊಳ್ಳುವುದು ಸಹಜ ಅನ್ನಿಸುತ್ತದೆ. ನಾನೂ ಹಾಗೇ ಬರೆದಿದ್ದೆ. ಹಾಗೆ ಮಾಡಿದರೆ ಒಟ್ಟು ಡ್ಯುರೇಷನ್ ನಿಜವಾಗಿಯೂ 6.39 ಆಗಿಬಿಡುತ್ತದೆ. ಅದನ್ನು 364 ದಿನದ ಟ್ರೆಷರಿ ಬಿಲ್‌ಗೆ ಹಾಕಿದರೆ 5.97 + 0.065, ಅಂದರೆ 6.04. ಇದು ಆಗಬಹುದು.

ಹಾಗಾದರೆ ಕೂಪನ್‌ಗಳನ್ನೆಲ್ಲ ನಗದಾಗಿ ಇಟ್ಟುಕೊಂಡು ಸುಮ್ನೆ ಕೂತರೆ ಆಯಿತಲ್ಲ? ಆಗುವುದಿಲ್ಲ. ಬಾಂಡ್‌ನ ಪ್ರತಿ ಕಂತೂ ದಿನ ಕಳೆದಂತೆ ಹತ್ತಿರವಾಗುತ್ತದೆ, ಅದಕ್ಕೇ ಡ್ಯುರೇಷನ್ ಇಳಿಯುವುದು. ನಗದು ಸೊನ್ನೆಯಲ್ಲೇ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಹೋಗಲು ಜಾಗ ಇಲ್ಲ. ಹಾಗಾಗಿ ನಗದಿನ ಪಾಲು ಎಷ್ಟಿದೆಯೋ ಅಷ್ಟು, ವರ್ಷಕ್ಕೆ ಒಂದು ಇಳಿಯಬೇಕಾದ್ದು ಕಮ್ಮಿ ಇಳಿಯುತ್ತದೆ. ದರ 7%ನಲ್ಲೇ ಇದ್ದು ನಗದಿಗೂ ಅದೇ ಬಡ್ಡಿ ಸಿಕ್ಕರೂ 2ನೇ ವರ್ಷದ ಕೊನೆಗೆ 5 ಇರಬೇಕಾದ್ದು 5.04. 3ನೇ ವರ್ಷಕ್ಕೆ 4ರ ಬದಲು 4.16. 6ನೇ ವರ್ಷಕ್ಕೆ 1ರ ಬದಲು 1.87. 7ನೇ ವರ್ಷ ಸೊನ್ನೆ ಇರಬೇಕಾದಲ್ಲಿ 1.20. ಈ ಕೊನೆಯ ಅಂಕಿ ಏನು ಹೇಳುತ್ತದೆ ಅಂದರೆ, ಏಳು ವರ್ಷ ಚೆನ್ನಾಗಿ ಕಾಯ್ದುಕೊಂಡು ಬಂದು, ಮಾರುವ ಹಿಂದಿನ ದಿನ ದರ 8%ಗೆ ಹಾರಿದರೆ ₹11,105 ಹೋಗುತ್ತದೆ. ತೂಗಿಸಲು ಮುಂದೆ ಕೂಪನ್ ಬೆಳೆಯಲು ದಿನವೇ ಉಳಿದಿಲ್ಲ.

ಅಂದಹಾಗೆ, ಮೇಲಿನ ₹10,00,612 ಲೆಕ್ಕ ಸುಳ್ಳಲ್ಲ. ಅಲ್ಲಿ ದರ ಒಂದೇ ಸಲ, ಮೊದಲ ದಿನವೇ ಬದಲಾಗಿ ನಿಂತಿತ್ತು. ನಿಜದಲ್ಲಿ ದರ ಯಾವತ್ತು ಬೇಕಾದರೂ ಅಲ್ಲಾಡುತ್ತದೆ. ಅದಕ್ಕೇ ಮತ್ತೆ ಮತ್ತೆ ಹೊಂದಿಸಬೇಕು.

ಹೊಂದಿಸುವ ಲೆಕ್ಕ 3ನೇ ವರ್ಷಕ್ಕೆ ಮಾಡಿ ತೋರಿಸುತ್ತೇನೆ. ಒಟ್ಟು ₹7,62,896. ಬಾಂಡ್‌ನ ಡ್ಯುರೇಷನ್ 5.10, ಬೇಕಾದ್ದು 4. ಬಾಂಡ್‌ನ ಪಾಲು 4 ÷ 5.10, ಸುಮಾರು 78.4% ಇರಬೇಕು. ಈಗ ಇರುವುದು 81.6%. ಸುಮಾರು ₹24,400ರ ಬಾಂಡ್ ಮಾರಿ ನಗದು ಮಾಡಿಕೊಂಡರೆ ಆಯಿತು. ನಮ್ಮ ಸರ್ಕಾರಿ ಬಾಂಡ್‌ಗಳು ಆರು ತಿಂಗಳಿಗೊಮ್ಮೆ ಕೂಪನ್ ಕೊಡುವುದರಿಂದ ಅಂಕಿ ಸ್ವಲ್ಪ ಬದಲಾಗುತ್ತದೆ, ದಾರಿ ಅದೇ.

ಇನ್ನೊಂದು ಬಲೆ. 7 ಅನ್ನು 3 ಮತ್ತು 12 ವರ್ಷದ ಬಾಂಡ್ ಬೆರೆಸಿಯೂ ತರಬಹುದು: ಡ್ಯುರೇಷನ್ 2.81 ಮತ್ತು 8.50, ಪಾಲು 26:74. ಕಾನ್ವೆಕ್ಸಿಟಿ ಜಾಸ್ತಿ, ಹಾಗಾಗಿ ಪರೀಕ್ಷೆಯಲ್ಲಿ ಇದೇ ಚೆಂದ ಕಾಣುತ್ತದೆ. ಆದರೆ ಈ ಲೆಕ್ಕವೆಲ್ಲ ಎಲ್ಲ ಅವಧಿಯ ದರಗಳೂ ಒಂದೇ ಅಳತೆ ಏರಿಳಿಯುತ್ತವೆ ಅನ್ನುವ ನಂಬಿಕೆಯ ಮೇಲಿದೆ. ಕಡಿಮೆ ಅವಧಿಯ ದರ ಇಳಿದು ದೀರ್ಘಾವಧಿಯದು ಏರಿದರೆ, 3 ವರ್ಷದ ಹಣ ಕಮ್ಮಿ ಬಡ್ಡಿಗೆ ಹೋಗುತ್ತದೆ, 12 ವರ್ಷದ್ದು ಅಗ್ಗಕ್ಕೆ ಮಾರಾಟವಾಗುತ್ತದೆ. ಎರಡೂ ಕಡೆ ಪೆಟ್ಟು. ಹರಡಿದಷ್ಟೂ ಕಾನ್ವೆಕ್ಸಿಟಿ ಹೆಚ್ಚು, ಹರಡಿದಷ್ಟೂ ಈ ಅಪಾಯವೂ ಹೆಚ್ಚು. ನಾನಾಗಿದ್ದರೆ 9 ವರ್ಷದ ಒಂದೇ ಬಾಂಡ್ ಇಟ್ಟುಕೊಂಡು, ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಮಾರುತ್ತಾ ಬಂದು, 6ನೇ ವರ್ಷದ ಕೊನೆಗೆ ಉಳಿದದ್ದನ್ನೆಲ್ಲ ಮಾರಿ 364 ದಿನದ ಬಿಲ್‌ಗೆ ಹಾಕುತ್ತಿದ್ದೆ.