ವೈ ಮ್ಯಾಚ್ ಆಯ್ತು, ಅಷ್ಟಕ್ಕೇ ಅವರು ಅಪ್ಪ ಆಗಲ್ಲ

"ರಿಪೋರ್ಟ್‌ನಲ್ಲಿ ಹದಿನೇಳಕ್ಕೆ ಹದಿನೇಳೂ ಮ್ಯಾಚ್ ಅಂತ ಬರೆದಿದೆಯಲ್ಲ ಡಾಕ್ಟ್ರೇ, ಇನ್ನೇನು ಬೇಕು?" ನನ್ನ ಎದುರಿನ ಕುರ್ಚಿಯಲ್ಲಿ ಕೂತವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತೀರಿಹೋದ ಒಬ್ಬರನ್ನು ತನ್ನ ತಂದೆ ಎಂದು ಸಾಬೀತು ಮಾಡಬೇಕಾದ ಮಗ. ತಂದೆಯ ಸ್ಯಾಂಪಲ್ ಇಲ್ಲದ್ದರಿಂದ ಅವರ ತಮ್ಮನ ಸ್ಯಾಂಪಲ್ ಕೊಟ್ಟಿರುತ್ತಾರೆ. ವೈ ಕ್ರೋಮೋಸೋಮ್ ಹೊಂದಿಕೆಯಾಗುತ್ತದೆ. ಮಗನಿಗೆ ಅಲ್ಲಿಗೆ ಕೇಸ್ ಮುಗಿದಂತೆ.

ಮುಗಿದಿರುವುದಿಲ್ಲ. ಆ ತಮ್ಮನ ಸ್ಯಾಂಪಲ್ ಪ್ರಯೋಜನಕ್ಕೆ ಬಂದದ್ದಾದರೂ ಯಾಕೆ? ಅಣ್ಣನ ವೈ, ತಮ್ಮನ ವೈ ಎರಡೂ ಒಂದೇ ಎಂದು ನಾವು ನಂಬಿದ್ದಕ್ಕೆ ಅಲ್ವಾ? ಹಾಗಾದರೆ ಮಗು ಅಣ್ಣನದೋ ತಮ್ಮನದೋ ಎಂದು ಅದೇ ವೈ ಹೇಗೆ ಹೇಳೀತು? ಸ್ಯಾಂಪಲ್ ಕೊಟ್ಟ ತಮ್ಮ, ಅವರ ದೊಡ್ಡ ಮಗ, ದೊಡ್ಡಪ್ಪನ ಮಕ್ಕಳು, ಎಲ್ಲರೂ ಆ ರಿಪೋರ್ಟಿಗೆ ಒಂದೇ ಥರ ಹೊಂದುವ ಸಾಧ್ಯತೆಯೇ ಹೆಚ್ಚು.

ಉಳಿದ ಕ್ರೋಮೋಸೋಮ್‌ಗಳು ಪ್ರತಿ ತಲೆಮಾರಿನಲ್ಲೂ ಜೊತೆಯವುಗಳೊಂದಿಗೆ ತುಣುಕು ಬದಲಾಯಿಸಿಕೊಳ್ಳುತ್ತವೆ. ವೈಯ ಎರಡು ತುದಿ ಬಿಟ್ಟರೆ ಉಳಿದದ್ದಕ್ಕೆ ಆ ಅವಕಾಶವಿಲ್ಲ. ಅಪ್ಪನಿಂದ ಮಗನಿಗೆ ಅದು ಇಡಿಯಾಗಿ ಹೋಗುತ್ತದೆ. ಅಪರೂಪಕ್ಕೆ ಆಗುವ ಸಣ್ಣ ಬದಲಾವಣೆಗಳೇ ಅದರ ವ್ಯತ್ಯಾಸ.

ಎಷ್ಟು ಅಪರೂಪ ಎಂದು ಲೆಕ್ಕ ಹಾಕೋಣ. ವೈಯಲ್ಲಿ ನಾವು ಹೋಲಿಸಿ ನೋಡುವ ಒಂದೊಂದು ಜಾಗವೇ ಮಾರ್ಕರ್; ರಿಪೋರ್ಟಿನ ಹದಿನೇಳು ಅಂದರೆ ಅವೇ. ಸಾಮಾನ್ಯ ಮಾರ್ಕರ್ ಒಂದು ತಲೆಮಾರಿನಲ್ಲಿ ಬದಲಾಗುವ ಸಾಧ್ಯತೆ ಸಾವಿರಕ್ಕೆ 2 ಅಥವಾ 3. 17 ಮಾರ್ಕರ್ ಸೇರಿಸಿದರೂ ಅಪ್ಪ-ಮಗನ ನಡುವೆ ಒಂದಾದರೂ ವ್ಯತ್ಯಾಸ ಕಾಣುವುದು ನೂರಕ್ಕೆ ಸುಮಾರು 4 ಸಲ. ಅಣ್ಣ-ತಮ್ಮಂದಿರ ಮಕ್ಕಳ ನಡುವೆ ಇಂಥ ನಾಲ್ಕು ಹೆಜ್ಜೆ ಇವೆ: ಒಬ್ಬ ಮಗನಿಂದ ಅಪ್ಪ, ಅಜ್ಜ, ಅಲ್ಲಿಂದ ಚಿಕ್ಕಪ್ಪ, ಅವರ ಮಗ. ಅವರಿಬ್ಬರೂ ಪೂರ್ತಿ ಒಂದೇ ಆಗಿರುವ ಸಾಧ್ಯತೆ ನೂರಕ್ಕೆ ಸುಮಾರು 84. ಐದು ತಲೆಮಾರು ಹಿಂದಿನ ಒಬ್ಬ ಮುತ್ತಾತನಿಂದ ಬೇರೆ ಬೇರೆ ಕವಲಾಗಿ ಬಂದ, ಒಬ್ಬರನ್ನೊಬ್ಬರು ನೋಡಿಯೇ ಇಲ್ಲದ ಇಬ್ಬರು ಗಂಡಸರ ನಡುವೆ ಹತ್ತು ಹೆಜ್ಜೆ. ಅಲ್ಲೂ ನೂರಕ್ಕೆ 65ರಷ್ಟು. ಬೇಗ ಬದಲಾಗುವ ಮಾರ್ಕರ್‌ಗಳನ್ನು ಸೇರಿಸಿದರೆ ಹತ್ತಿರದವರನ್ನು ಬೇರೆ ಮಾಡುವುದು ಸ್ವಲ್ಪ ಸುಲಭ. ಆದರೂ ಅಣ್ಣ-ತಮ್ಮಂದಿರನ್ನು ಪ್ರತಿ ಸಲ ಬೇರೆ ಮಾಡುತ್ತೇವೆ ಎಂದು ನಾನಂತೂ ಮಾತು ಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೂ ಮುಖ ಸಪ್ಪಗಿದ್ದರೆ ನಾನು ಥಾಮಸ್ ಜೆಫರ್ಸನ್ ಕಥೆ ಹೇಳುತ್ತೇನೆ. ಅಮೆರಿಕದ ಈ ಅಧ್ಯಕ್ಷರು ತಮ್ಮ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳ ತಂದೆಯೇ ಎಂಬುದು ಹಳೆಯ ವಿವಾದ. ಜೆಫರ್ಸನ್‌ಗೆ ಗಂಡುಮಕ್ಕಳ ವಂಶ ಉಳಿದಿರಲಿಲ್ಲ. ಹಾಗಾಗಿ ಸಂಶೋಧಕರು ಅವರ ತಂದೆಯ ಸಹೋದರ ಫೀಲ್ಡ್ ಜೆಫರ್ಸನ್ ವಂಶದ ಗಂಡಸರ ರಕ್ತ ತೆಗೆದುಕೊಂಡರು. ಸ್ಯಾಲಿಯ ಕೊನೆಯ ಮಗ ಎಸ್ಟನ್, ಹುಟ್ಟಿದ್ದು 1808ರಲ್ಲಿ. ಅವನ ಗಂಡು ಸಂತತಿಯ ಒಬ್ಬರ ವೈ ಅದಕ್ಕೆ ಹೊಂದಿಕೊಂಡಿತು. ಜೆಫರ್ಸನ್ ಮನೆಯವರು ಅಲ್ಲಿಯವರೆಗೆ ಬೆರಳು ತೋರಿಸುತ್ತಿದ್ದದ್ದು ಕಾರ್ ಸಹೋದರರ ಕಡೆಗೆ. ಅವರು ಜೆಫರ್ಸನ್‌ರ ತಂಗಿಯ ಮಕ್ಕಳು. ತಂಗಿಯ ಮಕ್ಕಳಿಗೆ ಅವರ ಅಪ್ಪನ ವೈ ಬರುವುದರಿಂದ ಅವರನ್ನು ಬೇರೆಯಾಗಿ ನೋಡಲು ಸಾಧ್ಯವಾಯಿತು. ಅವರ ಕಡೆಯ ವೈ ಹೊಂದಲಿಲ್ಲ. ಇದು ಪರೀಕ್ಷೆಯ ದೊಡ್ಡ ಗೆಲುವು.

ಆದರೆ 1998ರ ನವೆಂಬರ್‌ನಲ್ಲಿ 'ನೇಚರ್' ಪತ್ರಿಕೆ ಜೆಫರ್ಸನ್ನೇ ತಂದೆ ಎನ್ನುವ ತಲೆಬರಹ ಕೊಟ್ಟಿತು. ಥಾಮಸ್‌ಗೆ ರ್‍ಯಾಂಡಾಲ್ಫ್ ಎಂಬ ತಮ್ಮನಿದ್ದ, ಅವನಿಗೆ ಗಂಡುಮಕ್ಕಳಿದ್ದರು. ಅವರ ವೈ ಕೂಡ ಅದೇ. ತಂದೆ ಥಾಮಸ್ ಎಂದು ಇವತ್ತು ಹೆಚ್ಚಿನ ಇತಿಹಾಸಕಾರರು ಒಪ್ಪುವುದಕ್ಕೆ ಬೇರೆ ಆಧಾರಗಳೂ ಬೇಕಾದವು. ಸ್ಯಾಲಿ ಗರ್ಭ ಧರಿಸಿದ ಸಮಯಗಳಲ್ಲಿ ಅವರು ಮನೆಯಲ್ಲಿದ್ದರು ಎಂಬ ದಾಖಲೆ ಅದರಲ್ಲಿ ಮುಖ್ಯ. ಆ ಕೆಲಸ ವೈ ಮಾಡಿದ್ದಲ್ಲ.

ಹಾಗಂತ ವೈ ಪರೀಕ್ಷೆ ಸುಮ್ನೆ ಎಂದಲ್ಲ. 'ಅಲ್ಲ' ಎನ್ನುವುದರಲ್ಲಿ ಅದು ಗಟ್ಟಿ. ಒಂದು ಮಾರ್ಕರ್ ಬೇರೆಯಾದರೆ ಅದು ಬದಲಾವಣೆ ಇರಬಹುದು, ಅವಸರ ಬೇಡ. ಏಳೆಂಟು ಬೇರೆಯಾದರೆ ಹತ್ತಿರದ ಗಂಡು ಸಂಬಂಧವಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಆಗಲೂ ಎಚ್ಚರ ಬೇಕು. ತಮ್ಮನ ಸ್ಯಾಂಪಲ್ ಇಟ್ಟುಕೊಂಡು ನೋಡಿದ್ದರೆ, ಅಣ್ಣ-ತಮ್ಮ ಇಬ್ಬರೂ ಒಬ್ಬನೇ ತಂದೆಯ ಮಕ್ಕಳಾಗಿರದ ಸಾಧ್ಯತೆಯೂ ಉಳಿಯುತ್ತದೆ. ಇದನ್ನು ಮನೆಯವರ ಮುಂದೆ ಹೇಳುವುದು ನನಗೆ ಯಾವತ್ತೂ ಕಷ್ಟ.

ಆ ಮಗನಿಗೆ ನಾನು ಕೇಳುವುದು ಹೀಗೆ: ತೀರಿಹೋದವರ ತಾಯಿ ಬದುಕಿದ್ದಾರಾ? ತೀರಿಹೋದವರು ತಮ್ಮವರೆಂದು ಒಪ್ಪಿದ ಬೇರೆ ಮಕ್ಕಳಿದ್ದಾರಾ? ಅವರಿಗೆ ಎಂದಾದರೂ ಬಯಾಪ್ಸಿ ಆಗಿತ್ತಾ? ಆಸ್ಪತ್ರೆಯಲ್ಲಿ ಮೇಣದಲ್ಲಿಟ್ಟ ತುಣುಕು ಸಿಕ್ಕರೆ ಎಷ್ಟೋ ಸಲ ತಂದೆಯ ಡಿಎನ್ಎಯೇ ಸಿಗುತ್ತದೆ. ಉಳಿದ ಕ್ರೋಮೋಸೋಮ್‌ಗಳ ಪರೀಕ್ಷೆಯಲ್ಲಿ ಅಪ್ಪ-ಮಗ ಅರ್ಧದಷ್ಟು ಹಂಚಿಕೊಂಡಿರುತ್ತಾರೆ, ಚಿಕ್ಕಪ್ಪನ ಜೊತೆ ಸರಾಸರಿ ಕಾಲು ಭಾಗ. ಅಲ್ಲಿ ವ್ಯತ್ಯಾಸ ಕಾಣುತ್ತದೆ. ತಮ್ಮನ ಸ್ಯಾಂಪಲ್ ಹೇಗೂ ಇದೆಯಲ್ಲ, ಮೊದಲು ಅದನ್ನೇ ಈ ಪರೀಕ್ಷೆಗೆ ಹಾಕಿಸಿ. ತಂದೆ ಅಣ್ಣನಲ್ಲ, ತಮ್ಮನೇ ಆಗಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ.