ಕಿಟ್‌ನ ಬೆಲೆಯೊಳಗೆ ಅಡಗಿರುವ ಇನ್ನೊಂದು ಬೆಲೆ

ಲೆಕ್ಕಪತ್ರ ಪರಿಶೀಲಿಸುವುದು ನನ್ನ ವೃತ್ತಿಯಾದ್ದರಿಂದ, ಮನೆಯಿಂದಲೇ ತಿಂಗಳ ಆದಾಯ ತರುತ್ತದೆಂದು ಹೇಳುವ ಯೋಜನೆಗಳ ಕಾಗದಗಳನ್ನು ಹಿಡಿದು ಬರುವವರನ್ನು ಆಗಾಗ ಕಾಣುತ್ತೇನೆ. ಅವರು ಕಾಗದಗಳನ್ನು ಮೇಜಿನ ಮೇಲಿಡುವ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಉತ್ಪನ್ನದ ಬಣ್ಣದ ಕೈಪಿಡಿ, ಆಮೇಲೆ ಯಾರೋ ದೊಡ್ಡ ಚೆಕ್ ಹಿಡಿದು ನಿಂತಿರುವ ಚಿತ್ರ, ಕೊನೆಗೆ ನಾಲ್ಕು ಮಡಿಕೆಯಲ್ಲಿರುವ ಕಮಿಷನ್ ಪಟ್ಟಿ. ನಾನು ಓದುವುದು ಆ ಕೊನೆಯ ಕಾಗದದಿಂದ. ಸೋಪು ಒಳ್ಳೆಯದೋ, ಪೌಡರು ಗುಣಕಾರಿಯೋ ಎಂಬ ಪ್ರಶ್ನೆಗೆ ಉತ್ತರ ಕೊಡಲು ನಾನು ಅರ್ಹನಲ್ಲ. ಹಣ ಯಾರಿಂದ ಹೊರಟು ಯಾರನ್ನು ತಲುಪುತ್ತದೆ ಎಂಬುದಕ್ಕೆ ಆ ಒಂದು ಪುಟ ಸಾಕು.

ಈಚೆಗೆ ನಿವೃತ್ತ ಶಿಕ್ಷಕಿಯೊಬ್ಬರು ತಂದಿದ್ದ ಪಟ್ಟಿಯನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ. ಮೊತ್ತಗಳನ್ನು ಸುಲಭವಾಗಲೆಂದು ಬದಲಿಸಿ, ಕಿಟ್‌ನ ಬೆಲೆಯನ್ನು 100 ಎಂದು ಇಟ್ಟುಕೊಂಡಿದ್ದೇನೆ. ಹಣ ಯಾವ ದೇಶದ್ದಾದರೂ ಲೆಕ್ಕ ಬದಲಾಗುವುದಿಲ್ಲ. ಕಿಟ್ ಕೊಂಡವರು ಸದಸ್ಯರಾಗುತ್ತಾರೆ. ತಾವೇ ಸೇರಿಸಿದ ಪ್ರತಿಯೊಬ್ಬರಿಗೆ 15 ಸಿಗುತ್ತದೆ. ಅವರ ಕೆಳಗೆ ಎಡ ಮತ್ತು ಬಲ ಎಂದು ಎರಡು ಸಾಲುಗಳಿದ್ದು, ಎಡಕ್ಕೊಬ್ಬರು ಬಲಕ್ಕೊಬ್ಬರು ಸೇರಿ ಒಂದು ಜೋಡಿಯಾದಾಗಲೆಲ್ಲ 20 ಸಿಗುತ್ತದೆ. ಇದೆಲ್ಲ ಸಿಗಬೇಕಾದರೆ ಸದಸ್ಯರು ‘ಆಕ್ಟಿವ್’ ಆಗಿರಬೇಕು, ಅಂದರೆ ತಿಂಗಳಿಗೆ 25ರಷ್ಟು ಸಾಮಾನನ್ನು ತಾವೇ ಕೊಳ್ಳುತ್ತಿರಬೇಕು.

ಮೊದಲ ಪ್ರಶ್ನೆ ಕಿಟ್‌ನದು. ಅದರೊಳಗಿದ್ದ ಸಾಮಾನುಗಳಿಗೆ ಸಮನಾದವನ್ನು ಅಂಗಡಿಯಲ್ಲಿ ಕೊಂಡರೆ ಎಷ್ಟಾಗುತ್ತದೆಂದು ವಿಚಾರಿಸಿ ಬರಲು ಅವರಿಗೆ ಹೇಳಿದೆ. ಮರುದಿನ ಬಂದ ಉತ್ತರ, ಸುಮಾರು 30. ಹಾಗಾದರೆ ಉಳಿದ 70 ಯಾವುದರ ಬೆಲೆ? ಕಮಿಷನ್ ಪಡೆಯುವ ಹಕ್ಕಿಲ್ಲದ ಹೊರಗಿನವರೊಬ್ಬರಿಗೆ ಅದೇ ಪೆಟ್ಟಿಗೆಯನ್ನು 100ಕ್ಕೆ ಮಾರಲು ಸಾಧ್ಯವೇ ಎಂದು ಕೇಳಿದಾಗ ಅವರು ನಕ್ಕುಬಿಟ್ಟರು. ಆ ನಗುವೇ ಉತ್ತರ. 30 ಸಾಮಾನಿನ ಬೆಲೆ. 70 ಸರಪಳಿಯಲ್ಲಿ ಒಂದು ಸ್ಥಾನದ ಬೆಲೆ. ನಿಜವಾದ ನೇರ ಮಾರಾಟದಲ್ಲಿ ಈ ಎರಡನೆಯ ಬೆಲೆ ಇರುವುದಿಲ್ಲ. ಅಲ್ಲಿ ಕಿಟ್ ಎಂದರೆ ಮಾದರಿ ಸಾಮಾನು ಮತ್ತು ಬಿಲ್ ಪುಸ್ತಕ ಅಷ್ಟೆ, ಮತ್ತು ಮಾರುವವರ ಗಳಿಕೆ ಬರುವುದು ಸಂಸ್ಥೆಗೆ ಸೇರದ, ಸೇರುವ ಆಸೆಯೂ ಇಲ್ಲದ ಗಿರಾಕಿ ಕೊಟ್ಟ ಹಣದಿಂದ.

ಈ ವ್ಯತ್ಯಾಸವನ್ನು ಕಾನೂನು ಬಹಳ ಹಿಂದೆಯೇ ಗುರುತಿಸಿದೆ. ವ್ಯಾಪಾರದ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಮಂಡಳಿ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ ಕಾಸ್ಕಾಟ್ ಎಂಬ ಸೌಂದರ್ಯವರ್ಧಕ ಸಂಸ್ಥೆಯ ಪ್ರಕರಣದಲ್ಲಿ ಹಾಕಿಕೊಟ್ಟ ಒರೆಗಲ್ಲು ಇಂದಿಗೂ ಬಳಕೆಯಲ್ಲಿದೆ. ಸೇರುವವರು ಹಣ ಕೊಟ್ಟು ಎರಡು ಹಕ್ಕುಗಳನ್ನು ಪಡೆಯುತ್ತಾರೆಯೇ ಎಂದು ಅದು ಕೇಳುತ್ತದೆ: ಒಂದು ಸಾಮಾನು ಮಾರುವ ಹಕ್ಕು, ಇನ್ನೊಂದು ಇತರರನ್ನು ಸೇರಿಸಿದ್ದಕ್ಕಾಗಿ, ಕೊನೆಯ ಬಳಕೆದಾರರಿಗೆ ಸಾಮಾನು ಮಾರಾಟವಾದುದಕ್ಕೆ ಸಂಬಂಧವೇ ಇಲ್ಲದ ಪ್ರತಿಫಲ ಪಡೆಯುವ ಹಕ್ಕು. ಎರಡನೆಯದಿದ್ದರೆ ಅದು ಪಿರಮಿಡ್ ಯೋಜನೆ. ಶಿಕ್ಷಕಿಯವರ ಪಟ್ಟಿಯಲ್ಲಿ 15 ಮತ್ತು 20, ಎರಡೂ ಈ ಎರಡನೆಯ ಬಗೆಯವು. ಹೊರಗಿನ ಗಿರಾಕಿಗೆ ಮಾರಿದರೆ ಎಷ್ಟು ಸಿಗುತ್ತದೆ ಎಂಬ ಸಾಲನ್ನು ಹುಡುಕಿದೆವು. ಆ ಪುಟದಲ್ಲಿ ಅದು ಇರಲೇ ಇಲ್ಲ.

ಇನ್ನು ತಿಂಗಳ ಆದಾಯದ ಮಾತು. ‘ಎಷ್ಟೋ ಮಂದಿ ಸೇರಿದ ಮೇಲೆ ಜಗತ್ತಿನಲ್ಲಿ ಜನರೇ ಉಳಿಯುವುದಿಲ್ಲ’ ಎಂದು ಇಂಥ ಯೋಜನೆಗಳನ್ನು ಖಂಡಿಸುವ ವಾಡಿಕೆಯಿದೆ. ಆ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಏಕೆಂದರೆ ಅದು ಅಪಾಯವನ್ನು ಎಂದೋ ಬರುವ ದಿನಕ್ಕೆ ಮುಂದೂಡುತ್ತದೆ ಮತ್ತು ‘ನೀವು ಬೇಗ ಸೇರಿದ್ದೀರಿ’ ಎಂಬ ಸಮಾಧಾನಕ್ಕೆ ಎಡೆಮಾಡಿಕೊಡುತ್ತದೆ. ಯೋಜನೆ ಚೆನ್ನಾಗಿ ಬೆಳೆಯುತ್ತಿರುವ ದಿನದಂದೇ ಹೆಚ್ಚಿನವರು ನಷ್ಟದಲ್ಲಿರುತ್ತಾರೆ. ಅದನ್ನು ಕಾಗದದ ಮೇಲೆ ಹೀಗೆ ತೋರಿಸಬಹುದು.

ಮೇಲೆ ಒಬ್ಬರು, ಅವರ ಕೆಳಗೆ ಇಬ್ಬರು, ಆ ಪ್ರತಿಯೊಬ್ಬರೂ ಇಬ್ಬಿಬ್ಬರನ್ನು ಸೇರಿಸುತ್ತ ಹೋಗಿ ಹತ್ತು ಸಾಲುಗಳು ತುಂಬಿವೆ ಎನ್ನಿ. ಹೀಗೆ ಎಲ್ಲಿಯೂ ಅಚ್ಚುಕಟ್ಟಾಗಿ ನಡೆಯುವುದಿಲ್ಲ, ಆದರೆ ಸಭೆಯಲ್ಲಿ ಬರೆದು ತೋರಿಸುವ ಚಿತ್ರ ಇದೇ ಆದ್ದರಿಂದ ಇದನ್ನೇ ಹಿಡಿಯೋಣ. ಒಟ್ಟು 1,023 ಮಂದಿ. ಕೊನೆಯ ಸಾಲಿನ 512 ಮಂದಿಗೆ ಏನೂ ಬಂದಿಲ್ಲ. ಅದರ ಮೇಲಿನ ಸಾಲಿನ 256 ಮಂದಿ ಇಬ್ಬರನ್ನು ಸೇರಿಸಿದ್ದಕ್ಕೆ 30, ಒಂದು ಜೋಡಿಗೆ 20, ಒಟ್ಟು 50 ಪಡೆದಿದ್ದಾರೆ. ಅದಕ್ಕೂ ಮೇಲಿನ 128 ಮಂದಿಗೆ ಮೂರು ಜೋಡಿಗಳಾಗಿ ಒಟ್ಟು 90 ಬಂದಿದೆ. ಕೊಟ್ಟ 100 ಇವರಲ್ಲಿ ಯಾರಿಗೂ ಹಿಂತಿರುಗಿಲ್ಲ, ಅಂದರೆ 1,023 ಮಂದಿಯಲ್ಲಿ 896 ಮಂದಿ ನಷ್ಟದಲ್ಲಿದ್ದಾರೆ. ಹನ್ನೊಂದನೆಯ ಸಾಲು ತುಂಬಿದರೆ ಇವರಲ್ಲಿ ಕೆಲವರು ಲಾಭಕ್ಕೆ ಬರುವುದು ನಿಜ. ಆದರೆ ಆಗ ಒಟ್ಟು 2,047 ಮಂದಿಯಲ್ಲಿ 1,792 ಮಂದಿ ನಷ್ಟದಲ್ಲಿರುತ್ತಾರೆ. ಸಾಲುಗಳು ಎಷ್ಟಾದರೂ ಎಂಟರಲ್ಲಿ ಏಳು ಪಾಲಿನಷ್ಟು ಜನ ನಷ್ಟದಲ್ಲಿರುವುದು ತಪ್ಪುವುದಿಲ್ಲ, ಏಕೆಂದರೆ ಅದು ಜನರ ಶ್ರಮದ ಕೊರತೆಯಿಂದ ಬಂದದ್ದಲ್ಲ, ಕಮಿಷನ್ ಪಟ್ಟಿಯಿಂದಲೇ ಬಂದದ್ದು.

ಅದೇ ಚಿತ್ರದಲ್ಲಿ ತುದಿಯಲ್ಲಿರುವ ಒಬ್ಬರಿಗೆ 511 ಜೋಡಿಗಳಿಂದ ಮತ್ತು ಇಬ್ಬರ ಸೇರ್ಪಡೆಯಿಂದ 10,250 ಬಂದಿರುತ್ತದೆ. ಆದ್ದರಿಂದ ವೇದಿಕೆಯ ಮೇಲೆ ತೋರಿಸುವ ಚೆಕ್ ಸುಳ್ಳಾಗಿರಬೇಕಿಲ್ಲ. ಅದನ್ನು ಸುಳ್ಳೆಂದು ಸಾಧಿಸಲು ಹೊರಟವರು ಸೋಲುತ್ತಾರೆ. ಎಂಟುನೂರಕ್ಕೂ ಹೆಚ್ಚು ಮಂದಿಯ ನಷ್ಟ ಆ ಚಿತ್ರದಲ್ಲಿ ಬರುವುದಿಲ್ಲ ಎಂಬುದಷ್ಟೇ ವಿಷಯ.

ಇನ್ನೂ ಒಂದು ಕಡೆಯಿಂದ ಈ ಲೆಕ್ಕವನ್ನು ನೋಡಬೇಕು, ಇದನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಹತ್ತು ಸಾಲು ತುಂಬಿದಾಗ ಸಂಸ್ಥೆಗೆ ಬಂದದ್ದು 1,02,300, ಪಟ್ಟಿಯ ಪ್ರಕಾರ ಅದು ಕೊಡಬೇಕಾದದ್ದು 97,270. ಉಳಿದ 5,030ರಲ್ಲಿ ಸಾವಿರ ಕಿಟ್‌ಗಳ ಸಾಮಾನಿನ ಖರ್ಚು ಹುಟ್ಟುವುದಿಲ್ಲ. ಹನ್ನೊಂದನೆಯ ಸಾಲಿಗೆ ಬಂದದ್ದು 2,04,700, ಕೊಡಬೇಕಾದದ್ದು 2,15,030. ಹಾಗಾದರೆ ಸಂಸ್ಥೆ ಹೇಗೆ ಉಳಿಯುತ್ತದೆ? ಕೊಡದೆ ಉಳಿಯುತ್ತದೆ. ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ನಿಯಮಗಳ ಕೆಲಸವೇ ಅದು: ದಿನಕ್ಕೆ ಇಂತಿಷ್ಟೇ ಜೋಡಿಗಳಿಗೆ ಹಣ, ಒಂದು ಬದಿ ಬೆಳೆದು ಇನ್ನೊಂದು ಬದಿ ನಿಂತರೆ ಹೆಚ್ಚಿದ ಬದಿಗೆ ಏನೂ ಇಲ್ಲ, ತಿಂಗಳ 25ರ ಖರೀದಿ ತಪ್ಪಿದರೆ ಅಲ್ಲಿಯವರೆಗೆ ಕೂಡಿದ ಎಣಿಕೆಯೆಲ್ಲ ಅಳಿಸಿಹೋಗುತ್ತದೆ. ‘ಆಕ್ಟಿವ್’ ಎಂಬ ಷರತ್ತು ಸದಸ್ಯರ ಉತ್ಸಾಹಕ್ಕಾಗಿ ಇರುವುದಲ್ಲ. ಅದು ಕೊಡಬೇಕಾದ ಹಣವನ್ನು ತಡೆಹಿಡಿಯುವ ಬಾಗಿಲು.

ತಿಂಗಳಿಗೆ ಎಂಬ ಪದವನ್ನೂ ಇಲ್ಲಿಯೇ ತೂಗಬೇಕು. ಜೋಡಿಯ ಹಣ ಒಂದು ಜೋಡಿಗೆ ಒಂದೇ ಸಲ. ಈ ತಿಂಗಳು ಏಳು ಜೋಡಿಗಳಿಂದ 140 ಪಡೆದವರಿಗೆ ಮುಂದಿನ ತಿಂಗಳೂ ಅಷ್ಟೇ ಬರಬೇಕಾದರೆ ಅವರ ಕೆಳಗೆ ಹೊಸದಾಗಿ ಹದಿನಾಲ್ಕು ಮಂದಿ, ಎರಡು ಬದಿಗೂ ಸಮನಾಗಿ, ಕಿಟ್ ಕೊಳ್ಳಬೇಕು. ಯಾರೂ ಬರದಿದ್ದರೆ ಒಳಬರುವುದು ಸೊನ್ನೆ, ಹೊರಹೋಗುವುದು 25. ಏಳು ಜೋಡಿಯ ಸಾಲಿನವರು ಒಟ್ಟು 170 ಪಡೆದು ಗಳಿಸಿದ 70ರ ಲಾಭವೂ ಮೂರನೆಯ ತಿಂಗಳ ಖರೀದಿಯೊಳಗೆ ಕರಗುತ್ತದೆ. ‘ಇಂದಿನಿಂದ ಒಬ್ಬರೂ ಹೊಸದಾಗಿ ಸೇರದಿದ್ದರೆ ಮುಂದಿನ ತಿಂಗಳು ನಿಮಗೆ ಎಷ್ಟು ಬರುತ್ತದೆ, ಅದನ್ನು ಕೊಡುವವರು ಯಾರು?’ ಎಂದು ಆಹ್ವಾನಿಸಿದವರನ್ನು ಕೇಳಿ, ಅವರ ಉತ್ತರದಲ್ಲಿ ಹೊರಗಿನ ಗಿರಾಕಿ ಕಾಣಿಸುತ್ತಾನೆಯೇ ಎಂದು ನೋಡಬೇಕು.

ಸಂಸ್ಥೆಯವರು ಸಾಮಾನ್ಯವಾಗಿ ತಮ್ಮ ಪರವಾಗಿ ತೋರಿಸುವುದು ನಿಯಮಾವಳಿಯನ್ನು. ಇದಕ್ಕೂ ಒಂದು ಹಿನ್ನೆಲೆಯಿದೆ. 1979ರಲ್ಲಿ ಅದೇ ಫೆಡರಲ್ ಟ್ರೇಡ್ ಕಮಿಷನ್ ಆಮ್‌ವೇ ಸಂಸ್ಥೆ ಪಿರಮಿಡ್ ಅಲ್ಲವೆಂದು ತೀರ್ಮಾನಿಸುವಾಗ ಮೂರು ನಿಯಮಗಳನ್ನು ಗಮನಿಸಿತ್ತು: ಕೆಳಗಿನವರಲ್ಲಿ ಮಾರಾಟವಾಗದೆ ಉಳಿದ ಸಾಮಾನನ್ನು ಹಿಂದಕ್ಕೆ ಕೊಳ್ಳಬೇಕು, ತಿಂಗಳಿಗೆ ಕೊಂಡ ಸಾಮಾನಿನಲ್ಲಿ ಕನಿಷ್ಠ 70 ಶೇಕಡಾ ಮಾರಿರಬೇಕು, ಹತ್ತು ಬೇರೆ ಬೇರೆ ಗಿರಾಕಿಗಳಿಗೆ ಮಾರಿರಬೇಕು. ಅದಾದ ಮೇಲೆ ಅಂಥ ವಾಕ್ಯಗಳನ್ನು ನಿಯಮಾವಳಿಯಲ್ಲಿ ಸೇರಿಸಿಕೊಂಡ ಸಂಸ್ಥೆಗಳಿವೆ. ಆದರೆ 1996ರಲ್ಲಿ ಆಮ್ನಿಟ್ರಿಷನ್ ಎಂಬ ಸಂಸ್ಥೆಯ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ನಿಯಮ ಕಾಗದದಲ್ಲಿದ್ದರೆ ಸಾಲದು, ಅದು ನಿಜವಾಗಿ ಜಾರಿಯಲ್ಲಿದ್ದು ಹೊರಗಿನ ಮಾರಾಟಕ್ಕೆ ದಾರಿಮಾಡುತ್ತಿರಬೇಕು ಎಂದಿತು. ನಮ್ಮ ಶಿಕ್ಷಕಿಯವರ ಕಾಗದದಲ್ಲೂ ಮರುಖರೀದಿಯ ಸಾಲಿತ್ತು. ಮೂವತ್ತು ದಿನದೊಳಗೆ, ಮುದ್ರೆ ಒಡೆಯದ ಪೆಟ್ಟಿಗೆಗೆ ಮಾತ್ರ. ಆದರೆ ಮೊದಲ ತರಬೇತಿಯಲ್ಲಿಯೇ ಎಲ್ಲರಿಂದಲೂ ಪೆಟ್ಟಿಗೆ ತೆರೆಸಿ, ಒಂದೊಂದು ಸಾಮಾನನ್ನೂ ಕೈಯಲ್ಲಿ ಹಿಡಿಸಿ ವಿವರಿಸಿದ್ದರು.

‘ಹೋದದ್ದನ್ನಾದರೂ ಹಿಂದಕ್ಕೆ ಪಡೆದು ಬಿಟ್ಟುಬಿಡುತ್ತೇನೆ, ಇಬ್ಬರನ್ನು ಸೇರಿಸಿದರೆ ಸಾಕಲ್ಲವೇ?’ ಎಂದು ಅವರು ಕೇಳಿದರು. ಸಾಲುವುದಿಲ್ಲ. ಇಬ್ಬರಿಂದ 30 ಮತ್ತು ಒಂದು ಜೋಡಿಯ 20. ತಾವಾಗಿ ಸೇರಿಸುವುದು ಆ ಇಬ್ಬರನ್ನೇ ಆದರೆ, ಅವರ 100 ಪೂರ್ತಿ ಬರಲು ನಾಲ್ಕು ಜೋಡಿಗಳು, ಅಂದರೆ ಕೆಳಗೆ ಎಂಟು ಮಂದಿ ಬೇಕು. ಒಬ್ಬರ 100 ಹಿಂತಿರುಗಲು ಎಂಟು ಮಂದಿ ತಲಾ 100 ಕೊಟ್ಟು ಒಳಗೆ ಬರಬೇಕು, ಆ ಎಂಟು ಹೆಸರುಗಳು ಅವರ ಪಟ್ಟಿಯಲ್ಲಿ ಆಗಲೇ ಇದ್ದವು: ತಂಗಿ, ಪಕ್ಕದ ಮನೆಯವರು, ಹಳೆಯ ವಿದ್ಯಾರ್ಥಿಗಳು.

ಹೀಗೆ ಒಳಗೆ ಸೇರಿಬಿಟ್ಟವರಿಗೆ ನಾನು ಹೇಳುವ ಕ್ರಮ ಇಷ್ಟು. ಮೊದಲು ತಿಂಗಳ ಖರೀದಿಯನ್ನು ನಿಲ್ಲಿಸಬೇಕು. ಖಾತೆಯಿಂದ ಹಣ ತಾನಾಗಿ ಕಡಿತವಾಗುವ ಏರ್ಪಾಡಿದ್ದರೆ ಅದನ್ನು ಬ್ಯಾಂಕಿನಲ್ಲಿಯೇ ರದ್ದು ಮಾಡಿಸಬೇಕು. ಉಳಿದ ಸಾಮಾನನ್ನು ತೆರೆಯಬಾರದು. ಹಣ ವಾಪಸು ಕೇಳುವ ಪತ್ರವನ್ನು ದಿನಾಂಕ ಹಾಕಿ ಬರವಣಿಗೆಯಲ್ಲಿ ಸಂಸ್ಥೆಗೇ ಕಳಿಸಬೇಕು, ಸೇರಿಸಿದವರಿಗಲ್ಲ. ಮುದ್ರೆ ಒಡೆದದ್ದು ತರಬೇತಿಯಲ್ಲಿ, ಸಂಸ್ಥೆಯವರ ಸೂಚನೆಯಂತೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಬೇಕು. ಶಿಕ್ಷಕಿಯವರು ಹಾಗೆಯೇ ಬರೆದರು. ಸಂಸ್ಥೆಯಿಂದ ಲಿಖಿತ ಉತ್ತರ ಬರಲಿಲ್ಲ. ಸೇರಿಸಿದವರಿಂದ ಮಾತ್ರ ಮೂರು ಸಲ ಫೋನ್ ಬಂತು, ಮೂರು ಸಲವೂ ಮುಂದಿನ ಸಭೆಗೆ ಒಬ್ಬರನ್ನಾದರೂ ಕರೆತನ್ನಿ ಎಂದು. ಮೂವತ್ತನೆಯ ದಿನ ದಾಟುವ ಮುನ್ನ ಅವರು ಪತ್ರದ ಪ್ರತಿಯನ್ನೂ ರಸೀದಿಯನ್ನೂ ಕಮಿಷನ್ ಪಟ್ಟಿಯನ್ನೂ ಜೋಡಿಸಿ ಗ್ರಾಹಕ ದೂರು ವಿಭಾಗಕ್ಕೆ ಕೊಟ್ಟುಬಂದರು. ಎಂಟು ಹೆಸರುಗಳ ಚೀಟಿ ನನ್ನ ಮೇಜಿನ ಮೇಲೆಯೇ ಉಳಿದಿತ್ತು. ಬೇಕೇ ಎಂದು ಕೇಳಿದ್ದಕ್ಕೆ ಹರಿದುಬಿಡಿ ಎಂದರು.