ಒಪ್ಪಿಗೆ ಕೊಟ್ಟದ್ದು ಯಾವ ಬರಹಕ್ಕೆ?

ದಾವಣಗೆರೆಯ ಕೆಲವು ಅಂಗಡಿಗಳ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಪುಟಗಳನ್ನು ನಮ್ಮ ಸಣ್ಣ ತಂಡ ನೋಡಿಕೊಳ್ಳುತ್ತದೆ. ಎರಡು ವರ್ಷದ ಹಿಂದೆ, ದೀಪಾವಳಿಗೆ ಒಂದು ವಾರವಿದ್ದಾಗ, ಬಟ್ಟೆ ಅಂಗಡಿಯೊಂದರ ಪುಟದಲ್ಲಿ ಬೆಳಿಗ್ಗೆ 9 ಗಂಟೆಗೆ ತಾನಾಗಿ ಪ್ರಕಟವಾದ ಪೋಸ್ಟ್‌ನಲ್ಲಿ ರೇಷ್ಮೆ ಸೀರೆಗಳಿಗೆ ಶೇ. 30 ರಿಯಾಯಿತಿ ಎಂದಿತ್ತು. ಮಾಲೀಕರು ಒಪ್ಪಿದ್ದು ಶೇ. 20ಕ್ಕೆ. ನಮ್ಮ ತಂತ್ರಾಂಶ ತೆರೆದು ನೋಡಿದರೆ, ಹಿಂದಿನ ಸಂಜೆ 6:10ಕ್ಕೆ ಮಾಲೀಕರಿಂದ ಅನುಮೋದನೆ, ರಾತ್ರಿ 9:42ಕ್ಕೆ ‘ಅಡ್ಮಿನ್’ ಖಾತೆಯಿಂದ ಕೊನೆಯ ತಿದ್ದುಪಡಿ, ಇಷ್ಟೇ ಇತ್ತು. “ನಾನು ಒಪ್ಪಿದ್ದು ಇಪ್ಪತ್ತಕ್ಕೆ. ಮೂವತ್ತರ ಕೆಳಗೆ ನನ್ನ ಹೆಸರು ಹ್ಯಾಂಗ ಬಂತ್ರೀ?” ಎಂದು ಮಾಲೀಕರು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ದಾಖಲೆಯ ಎರಡು ಸಾಲುಗಳೂ ನಿಜವೇ ಆಗಿದ್ದವು. ಆದರೆ ಅನುಮೋದನೆಯನ್ನು ಪೋಸ್ಟ್‌ಗೆ ಅಂಟಿಸಲಾಗಿತ್ತೇ ಹೊರತು, ಆ ಹೊತ್ತಿಗೆ ಪೋಸ್ಟ್‌ನಲ್ಲಿದ್ದ ಬರಹಕ್ಕಲ್ಲ. ಬರಹ ಬದಲಾದ ಮೇಲೂ ‘ಒಪ್ಪಿಗೆಯಾಗಿದೆ’ ಎಂಬ ಗುರುತು ಹಾಗೆಯೇ ಉಳಿಯಿತು, ಹಳೆಯ ಬರಹವನ್ನು ಹೊಸದು ಅಳಿಸಿಹಾಕಿತು. ಮಂಡಿಪೇಟೆಯ ಹಳೆಯ ಗುಮಾಸ್ತರು ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಅಂಕಿಯನ್ನು ಕೆರೆದು ತೆಗೆಯದೆ, ಓದಲು ಬರುವಂತೆ ಒಂದು ಗೀಟು ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಸಹಿ ಹಾಕುತ್ತಿದ್ದರು. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಇಂಥದೇ ತಿದ್ದುಪಡಿ ದಾಖಲೆ ಇರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಪೋಸ್ಟ್‌ಗಳಿಗೆ ಅನ್ವಯಿಸುವುದಿಲ್ಲ, ಆದರೆ ನಮಗೆ ಬೇಕಾಗಿದ್ದ ಕ್ರಮ ಅದೇ.

ಆಮೇಲೆ ನಾವು ಪ್ರತಿ ತಿದ್ದುಪಡಿಗೂ ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ಅನುಮೋದನೆಯನ್ನು ಆ ಸಂಖ್ಯೆಗೆ ಕಟ್ಟಿದೆವು. ಅದೇ ಸೀರೆಯ ಪೋಸ್ಟ್ ಈಗಿನ ವ್ಯವಸ್ಥೆಯಲ್ಲಿದ್ದಿದ್ದರೆ ದಾಖಲೆ ಹೀಗಿರುತ್ತಿತ್ತು:

```
time_utc  post  ver  actor      action
12:05     118   1    writer_1   create
12:40     118   1    owner      approve
16:12     118   2    writer_2   edit
03:30     118   2    scheduler  blocked
```

ಕೊನೆಯ ಸಾಲನ್ನು ಗಮನಿಸಬೇಕು. ಮಾಲೀಕರು ಒಪ್ಪಿದ್ದು 1ನೆಯ ಆವೃತ್ತಿಯನ್ನು, ಸರದಿಯಲ್ಲಿರುವುದು 2ನೆಯದು. ಆದ್ದರಿಂದ ಪೋಸ್ಟ್ ಹೊರಹೋಗದೆ ಅಲ್ಲೇ ನಿಲ್ಲುತ್ತದೆ. ಪ್ರಕಟಿಸುವ ಯಂತ್ರವನ್ನೂ ಒಬ್ಬ ಕರ್ತೃವೆಂದೇ ದಾಖಲಿಸುತ್ತೇವೆ, ಇಲ್ಲದಿದ್ದರೆ ಅದು ಮಾಡಿದ ಕೆಲಸ ಕೊನೆಯದಾಗಿ ಮುಟ್ಟಿದ ಮನುಷ್ಯನ ತಲೆಗೆ ಬರುತ್ತದೆ. ಚಿತ್ರ ಬದಲಿಸಿದರೂ, ಪ್ರಕಟಣೆಯ ಸಮಯ ಬದಲಿಸಿದರೂ ಹೊಸ ಆವೃತ್ತಿಯೇ ಆಗುತ್ತದೆ. ಸಮಯದ ವಿಷಯದಲ್ಲಿ ನಮ್ಮ ಹುಡುಗರು ಗೊಣಗಿದರು, ಆದರೆ ನಾಳೆ ಮುಗಿಯುವ ಕೊಡುಗೆಯನ್ನು ನಾಡಿದ್ದಿಗೆ ಸರಿಸುವುದು ಸಣ್ಣ ಬದಲಾವಣೆಯೆಂದು ನಾನು ಒಪ್ಪುವುದಿಲ್ಲ.

ದಾಖಲೆಯಲ್ಲಿ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ. ನಮ್ಮ ಸಮಯ ತಿಳಿಯಲು ಓದುವಾಗ ಐದೂವರೆ ಗಂಟೆ ಕೂಡಿಸಬೇಕು. ನಮ್ಮ ರಾತ್ರಿ 2 ಗಂಟೆಯ ತಿದ್ದುಪಡಿ ಅಲ್ಲಿ ಹಿಂದಿನ ದಿನದ 20:30 ಎಂದು ಕಾಣುವುದರಿಂದ, ತಾರೀಖು ಹಾಕಿ ಹುಡುಕುವಾಗ ಸಾಲು ತಪ್ಪಿಹೋಗುವುದುಂಟು.

ಅಳಿಸುವ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಪೋಸ್ಟ್ ಅಳಿಸಿದರೆ ಅದು ಕ್ಯಾಲೆಂಡರಿನಿಂದ ಮಾತ್ರ ಮರೆಯಾಗುತ್ತದೆ. ಅದರ ಎಲ್ಲ ಆವೃತ್ತಿಗಳೂ, ಅಳಿಸಿದವರ ಹೆಸರೂ, ಅವರು ಬರೆಯಲೇಬೇಕಾದ ಒಂದು ಸಾಲಿನ ಕಾರಣವೂ ಉಳಿಯುತ್ತವೆ. ದಾಖಲೆಯ ಕೋಷ್ಟಕಕ್ಕೆ ಸೇರಿಸಬಹುದು, ತಿದ್ದಲಾಗದು, ತೆಗೆಯಲಾಗದು ಎಂಬುದನ್ನು ನಂಬಿಕೆಗೆ ಬಿಡದೆ ಪೋಸ್ಟ್‌ಗ್ರೆಸ್ ದತ್ತಸಂಗ್ರಹದಲ್ಲಿಯೇ ಬಿಗಿಯಬೇಕು:

```
REVOKE UPDATE, DELETE, TRUNCATE
  ON post_log FROM app_user;
```

ಇದಕ್ಕೂ ಮಿತಿಯಿದೆ. ಕೋಷ್ಟಕದ ಒಡೆತನವಿರುವ ಖಾತೆ ಈ ಬೇಲಿಯನ್ನು ದಾಟಬಲ್ಲದು. ಹಾಗಾಗಿ ಅಪ್ಲಿಕೇಶನ್ ಆ ಖಾತೆಯಲ್ಲಿ ಓಡಬಾರದು, ಮತ್ತು ದಿನದ ಕೊನೆಯಲ್ಲಿ ದಾಖಲೆಯ ಒಂದು ಪ್ರತಿ ಬೇರೊಬ್ಬರ ಸುಪರ್ದಿಗೆ ಹೋಗಬೇಕು. ನಮ್ಮಲ್ಲಿ ಅದು ಅಂಗಡಿಯ ಲೆಕ್ಕಿಗರ ಮೇಲ್‌ಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ‘ಅಡ್ಮಿನ್’ ಎಂಬ ಒಂದೇ ಲಾಗಿನ್ ಅನ್ನು ಮೂವರು ಹಂಚಿಕೊಂಡರೆ, ‘ಯಾರು’ ಎಂಬ ಕಂಬಸಾಲು ಖಾಲಿ ಇದ್ದಂತೆಯೇ. ಅಂದು ರಾತ್ರಿ 9:42ಕ್ಕೆ ಮೂವತ್ತು ಎಂದು ಬರೆದವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ. ಮೂವರೂ ಅಲ್ಲವೆಂದರು, ಅವರಲ್ಲಿ ಇಬ್ಬರಂತೂ ತಮ್ಮದಲ್ಲದ ಅನುಮಾನವನ್ನು ಹೊತ್ತು ತಿರುಗಿದರು. ಮರುವಾರವೇ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಮಾಡಿಸಿದೆ.

ನಮ್ಮ ತಂತ್ರಾಂಶವನ್ನು ಮುಟ್ಟದೆ, ಮೊಬೈಲಿನಿಂದ ನೇರವಾಗಿ ಪುಟಕ್ಕೇ ಹೋಗಿ ತಿದ್ದಿದರೆ ಈ ದಾಖಲೆಗೆ ಅದು ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಸೋಮವಾರ, ಹಿಂದಿನ ವಾರ ಪ್ರಕಟವಾದ ಆವೃತ್ತಿಯ ಬರಹವನ್ನು ಪುಟದಲ್ಲಿ ಈಗ ಕಾಣುವ ಬರಹದ ಪಕ್ಕದಲ್ಲಿಟ್ಟು ನೋಡುತ್ತೇವೆ. ವ್ಯತ್ಯಾಸ ಸಿಕ್ಕರೆ ಅದನ್ನೂ ‘ಹೊರಗಿನ ತಿದ್ದುಪಡಿ’ ಎಂದು ಹೊಸ ಸಾಲಾಗಿ ಸೇರಿಸಿ, ಪುಟಕ್ಕೆ ನೇರ ಪ್ರವೇಶವಿರುವ ಇಬ್ಬರನ್ನು ಕೇಳುತ್ತೇವೆ.